ಎದೆಬಡಿತ ನಮಸ್ಕಾರದಲ್ಲೇ ಜಾಸ್ತಿ, ಹಾಗಿದ್ರೆ ವಾಕಿಂಗ್ ಬಿಡಬಹುದಾ?

ಪ್ರಶ್ನೆ: ನನಗೆ 52 ವರ್ಷ, ತೂಕ 62 ಕೆ.ಜಿ. ಬಿ.ಪಿ.ಗೆ ದಿನಕ್ಕೊಂದು ಮಾತ್ರೆ ಇದೆ. ವಾರಕ್ಕೆ ಐದು ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ 40 ನಿಮಿಷ ಬಿರುಸಾಗಿ ನಡೀತೀನಿ. ಮಗಳು ಕೊಡಿಸಿದ ವಾಚಿನಲ್ಲಿ ಆಗ ಎದೆಬಡಿತ ಸರಾಸರಿ 114 ತೋರಿಸುತ್ತೆ. ಈಚೆಗೆ ಮನೆಯಲ್ಲೇ 12 ಸೂರ್ಯ ನಮಸ್ಕಾರ ಶುರು ಮಾಡಿದೀನಿ, 12 ನಿಮಿಷ ಹಿಡಿಯುತ್ತೆ, ಸರಾಸರಿ 129. ಕ್ಯಾಲೊರಿ ನಡಿಗೆಗೆ 190, ನಮಸ್ಕಾರಕ್ಕೆ 95 ಅಂತ ಬರುತ್ತೆ. ಬಡಿತ ಇದರಲ್ಲೇ ಜಾಸ್ತಿ ಅಲ್ವಾ? ಮಳೆ, ನಾಯಿ ಕಾಟ ಬೇರೆ. ವಾಕಿಂಗ್ ಬಿಟ್ಟು ನಮಸ್ಕಾರವನ್ನೇ ಹಿಡಿದುಕೊಂಡರೆ ಸಾಕಾ? ನಮ್ಮ ಯಜಮಾನರು "ಅದು ವ್ಯಾಯಾಮ ಅಲ್ಲ, ಪ್ರಾರ್ಥನೆ" ಅಂತಾರೆ.

ಉತ್ತರ: ಮೊದಲು ಯಜಮಾನರ ಮಾತನ್ನು ಪಕ್ಕಕ್ಕಿಡೋಣ. ಪ್ರಾರ್ಥನೆಗೆ ಯಾರ ಎದೆಬಡಿತವೂ 129 ಆಗುವುದಿಲ್ಲ. ಆದರೆ ನಿಮ್ಮ ಲೆಕ್ಕದಲ್ಲೂ ಒಂದು ಎಡವಟ್ಟಿದೆ. ನಡಿಗೆಯ 129 ಮತ್ತು ನಮಸ್ಕಾರದ 129 ಒಂದೇ ಅಲ್ಲ. ವಾಚಿಗೆ ಎರಡೂ ಒಂದೇ ಅಂಕಿ, ಮೈಗೆ ಬೇರೆ ಬೇರೆ ಕೆಲಸ.

ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ. ನಿಮ್ಮ ವಯಸ್ಸಿಗೆ ಎದೆಬಡಿತ ಗರಿಷ್ಠ ಎಷ್ಟಕ್ಕೆ ಏರಬಹುದು ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕ ಇದೆ: ವಯಸ್ಸನ್ನು 0.7ರಿಂದ ಗುಣಿಸಿ, 208ರಿಂದ ಕಳೆಯುವುದು. 52ಕ್ಕೆ 172 ಬರುತ್ತದೆ. ಇದು ಸರಾಸರಿ ಲೆಕ್ಕ. ನಿಮ್ಮ ನಿಜವಾದ ಅಂಕಿ ಹತ್ತು ಆಚೆ ಈಚೆ ಇರಬಹುದು. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿರುವಾಗಿನ ಬಡಿತ ಎಷ್ಟು ಅಂತ ನೀವು ಬರೆದಿಲ್ಲ, 70 ಅಂದುಕೊಳ್ಳೋಣ. 172ರಲ್ಲಿ 70 ಕಳೆದರೆ 102. ಇಷ್ಟು ಬಡಿತ ನಿಮ್ಮ ಹೃದಯದ ಕೈಯಲ್ಲಿರುವ ಮೀಸಲು. ಈ ಮೀಸಲಿನ ನೂರಕ್ಕೆ 40ರಿಂದ 60ರಷ್ಟು ಬಳಸಿದರೆ ಅದನ್ನು ಮಧ್ಯಮ ಮಟ್ಟದ ವ್ಯಾಯಾಮ ಅನ್ನುತ್ತಾರೆ. ನಿಮಗೆ ಅದು 111ರಿಂದ 131. ನಡಿಗೆಯ 114 ಈ ಪಟ್ಟಿಯ ಕೆಳಗಿನ ಅಂಚಿನಲ್ಲಿದೆ, ನಮಸ್ಕಾರದ 129 ಮೇಲಿನ ಅಂಚಿನಲ್ಲಿ. ಬರೀ ಬಡಿತ ನೋಡಿದರೆ ಗೆದ್ದದ್ದು ನಮಸ್ಕಾರ. ನೀವು ಲೆಕ್ಕ ಹಾಕಿದ್ದೂ ಹೀಗೇ ಇರಬೇಕು.

ಇದನ್ನೇ ನೇರವಾಗಿ ಅಳೆದು ನೋಡಿದವರಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 38 ಜನರಿಗೆ ಒಂದು ದಿನ ಒಂದು ಗಂಟೆ ವಿನ್ಯಾಸ ಯೋಗ ಮಾಡಿಸಿದರು. ಅಂದರೆ ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಜೊತೆ ಹರಿದುಕೊಂಡು ಹೋಗುವ ಯೋಗ, ನಮಸ್ಕಾರದ್ದೇ ಬಳಗ. ಇನ್ನೊಂದು ದಿನ ಅದೇ ಜನರನ್ನು ಒಂದು ಗಂಟೆ ನಡೆಸಿದರು. ಯೋಗದಲ್ಲಿ ಎಷ್ಟು ಎದೆಬಡಿತ ಬಂದಿತ್ತೋ ನಡಿಗೆಯಲ್ಲೂ ಅಷ್ಟೇ ಬರುವ ಹಾಗೆ ವೇಗ ಹೊಂದಿಸಿದರು. ಉಸಿರಿನ ಗಾಳಿಯನ್ನು ಅಳೆದು, ಎಷ್ಟು ಶಕ್ತಿ ಖರ್ಚಾಯಿತು ಅಂತ ಲೆಕ್ಕ ಹಾಕಿದರು. ಎದೆಬಡಿತ ಸಮ, ಖರ್ಚು ಮಾತ್ರ ಸಮ ಅಲ್ಲ. ಯೋಗದಲ್ಲಿ ಸರಾಸರಿ 80 ಕ್ಯಾಲೊರಿಯಷ್ಟು ಕಡಿಮೆ. ಮತ್ತೊಂದು ದಿನ "ನಿಮಗೆ ಬಿರುಸು ಅನ್ನಿಸುವ ವೇಗದಲ್ಲಿ ನಡೀರಿ" ಅಂತ ಅವರವರಿಗೇ ಬಿಟ್ಟರು. ಆಗಲೂ ಯೋಗದ್ದು 45ರಷ್ಟು ಕಡಿಮೆಯೇ ಇತ್ತು. ಇದು 2017ರಲ್ಲಿ ಪ್ರಕಟವಾಯಿತು. ಆ ಯೋಗ ಮಧ್ಯಮ ಮಟ್ಟದ ವ್ಯಾಯಾಮ ಹೌದು ಅಂತಲೂ ಅವರೇ ಹೇಳಿದ್ದಾರೆ. ಹಾಗಾಗಿ ಯೋಗ ಸೋತಿತು ಅಂತಲ್ಲ. ಎದೆಬಡಿತವನ್ನೇ ನಂಬಿ ಯೋಗವನ್ನು ಅಳೆದರೆ ಅಂಕಿ ಉಬ್ಬುತ್ತದೆ, ಅಷ್ಟೇ.

ಯಾಕೆ ಉಬ್ಬುತ್ತದೆ ಅನ್ನುವುದೇ ನನಗೆ ಇದರಲ್ಲಿ ಸ್ವಾರಸ್ಯದ ಭಾಗ. ನಡೆಯುವಾಗ ತೊಡೆ, ಮೀನಖಂಡದ ದೊಡ್ಡ ದೊಡ್ಡ ಸ್ನಾಯುಗಳು ಬಿಗಿದು ಸಡಿಲಿ, ಬಿಗಿದು ಸಡಿಲಿ ಕೆಲಸ ಮಾಡುತ್ತವೆ. ಪ್ರತಿ ಸಲ ಬಿಗಿದಾಗಲೂ ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ದಬ್ಬುತ್ತವೆ. ಹೃದಯ ಚೆನ್ನಾಗಿ ತುಂಬಿಕೊಳ್ಳುತ್ತದೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಹೊರಗೆ ಹೋಗುತ್ತದೆ. ತುಂಬಿದ ಕೊಡದಲ್ಲಿ ನೀರು ಹೊತ್ತ ಹಾಗೆ, ಸುತ್ತು ಕಡಿಮೆ, ನೀರು ಜಾಸ್ತಿ.

ನಮಸ್ಕಾರದಲ್ಲಿ ಹಾಗಲ್ಲ. ನಿಮ್ಮದೇ ಒಂದು ಸುತ್ತನ್ನು ನಿಧಾನವಾಗಿ ನೋಡಿ. ಕೈ ಮುಗಿದು ನಿಂತಿದ್ದೀರಿ. ಕೈ ಮೇಲೆತ್ತಿ ಹಿಂದಕ್ಕೆ ಬಾಗುತ್ತೀರಿ. ತೋಳು ಹೃದಯಕ್ಕಿಂತ ಮೇಲಿದ್ದಾಗ ಅಲ್ಲಿಗೆ ರಕ್ತ ಏರಿಸುವುದೇ ಒಂದು ಕೆಲಸ. ಆಮೇಲೆ ಪಾದಹಸ್ತಾಸನ, ತಲೆ ಕೆಳಗೆ. ಆಗ ಹೃದಯಕ್ಕೆ ರಕ್ತ ತಾನಾಗಿ ಇಳಿದು ಬರುತ್ತದೆ, ಅದಕ್ಕೆ ಸ್ವಲ್ಪ ಬಿಡುವು. ಅಶ್ವ ಸಂಚಲನಕ್ಕೆ ಒಂದು ಕಾಲು ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ದಂಡಾಸನ. ಇಲ್ಲಿ ಭುಜ, ತೋಳು, ಹೊಟ್ಟೆ ಎಲ್ಲ ಬಿಗಿಯಾಗಿ ನಿಂತಿರುತ್ತವೆ. ಅಲುಗಾಟ ಇಲ್ಲ, ಬಿಗಿತ ಮಾತ್ರ ಇದೆ. ಬಿಗಿದು ನಿಂತ ಸ್ನಾಯು ತನ್ನ ರಕ್ತನಾಳವನ್ನು ತಾನೇ ಒತ್ತಿಕೊಂಡಿರುತ್ತದೆ. ರಕ್ತ ಸಾಲುತ್ತಿಲ್ಲ ಅಂತ ಮೇಲಕ್ಕೆ ದೂರು ಹೋಗುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಬಿ.ಪಿ. ಏರುತ್ತದೆ. ಆದರೆ ಆ ಸ್ನಾಯು ಬಳಸುವ ಆಮ್ಲಜನಕ ಅಷ್ಟೇನೂ ಏರಿರುವುದಿಲ್ಲ. ಮುಂದಿನ ಅಷ್ಟಾಂಗ ನಮಸ್ಕಾರದಲ್ಲಿ ಸುಮಾರು ಜನ ಗೊತ್ತಿಲ್ಲದೆ ಉಸಿರನ್ನೂ ಕಟ್ಟುತ್ತಾರೆ. ಕೊನೆಗೆ ತಲೆ ಕೆಳಗಿದ್ದವರು ತಟ್ಟನೆ ಎದ್ದು ನಿಲ್ಲುವುದು. ಆಗ ರಕ್ತ ಕಾಲಿಗೆ ಇಳಿಯುತ್ತದೆ. ಬಿ.ಪಿ. ಬೀಳದಿರಲಿ ಅಂತ ಹೃದಯ ಮತ್ತೆ ಓಡುತ್ತದೆ.

ತೋಳಿನ ವಿಷಯ ಇನ್ನೊಂದು. ಒಂದೇ ಪ್ರಮಾಣದ ಕೆಲಸವನ್ನು ಕಾಲಿನಿಂದ ಮಾಡಿದರೆ ಬರುವ ಬಡಿತಕ್ಕಿಂತ ಕೈಯಿಂದ ಮಾಡಿದಾಗ ಬರುವ ಬಡಿತ ಜಾಸ್ತಿ. ಸಣ್ಣ ಸ್ನಾಯುಗಳ ಮೇಲೆ ದೊಡ್ಡ ಹೊರೆ ಬೀಳುತ್ತದೆ, ಅದಕ್ಕೆ. ಒರಳಿನಲ್ಲಿ ರುಬ್ಬಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೂತಲ್ಲೇ ಕೂತು ಏದುಸಿರು ಬರುತ್ತಿತ್ತು.

ಇಷ್ಟೆಲ್ಲ ಸೇರಿ ನಮಸ್ಕಾರದ ಎದೆಬಡಿತ ನಡಿಗೆಯ ಹಾಗೆ ಸಮತಟ್ಟಾಗಿ ಇರುವುದಿಲ್ಲ, ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತದೆ. ಅದೂ ಒಂದಷ್ಟು ಸೆಕೆಂಡು ತಡವಾಗಿ. ದಂಡಾಸನದ ಏರಿಕೆ ವಾಚಿನಲ್ಲಿ ಕಾಣುವ ಹೊತ್ತಿಗೆ ನೀವು ಭುಜಂಗಾಸನ ದಾಟಿರುತ್ತೀರಿ. ಹಾಗಾಗಿ "ಈ ಆಸನದಲ್ಲಿ ನನಗೆ 140 ಬಂತು" ಅಂತ ಹೇಳುವುದರಲ್ಲಿ ಅರ್ಥ ಇಲ್ಲ. ಐದಾರು ನಮಸ್ಕಾರ ಸೇರಿಸಿ ಸರಾಸರಿ ನೋಡಿದರೆ ಮಾತ್ರ ಏನಾದರೂ ಗೊತ್ತಾಗುತ್ತದೆ.

ಈಗ ನಿಮ್ಮ ವಾಚಿನ ಕ್ಯಾಲೊರಿಗೆ ಬರೋಣ. ವಾಚು ಬಡಿತ, ವಯಸ್ಸು, ತೂಕ ತೆಗೆದುಕೊಂಡು ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿಹೊಂದುವುದು ನಡಿಗೆ, ಓಟದಂಥ ಚಲನೆಗೆ. ಅದನ್ನೇ ನಮಸ್ಕಾರಕ್ಕೂ ಅಂಟಿಸಿದರೆ ಜಾಸ್ತಿ ತೋರಿಸುತ್ತದೆ. ನಮ್ಮಲ್ಲಿ ಬಳಸುವ ಇನ್ನೊಂದು ಅಳತೆ ಮೆಟ್. ಸುಮ್ನೆ ಕೂತಾಗ ಖರ್ಚಾಗುವುದು ಒಂದು ಮೆಟ್, ಅಂದರೆ ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. ಗಂಟೆಗೆ ಐದೂವರೆ ಕಿ.ಮೀ. ವೇಗದ ನಡಿಗೆಗೆ ನಾಲ್ಕು ಮೆಟ್‌ಗಿಂತ ಸ್ವಲ್ಪ ಮೇಲೆ. 62 ಕಿಲೋದವರು 40 ನಿಮಿಷ ನಡೆದರೆ 175ರ ಆಸುಪಾಸು ಬರುತ್ತದೆ. ವಾಚಿನ 190 ಪರವಾಗಿಲ್ಲ, ಹತ್ತಿರವೇ ಇದೆ. ನಿಮ್ಮ ವೇಗದ ನಮಸ್ಕಾರಕ್ಕೆ ಧಾರಾಳವಾಗಿ ನಾಲ್ಕು ಮೆಟ್ ಕೊಟ್ಟರೂ 12 ನಿಮಿಷಕ್ಕೆ 50 ಕ್ಯಾಲೊರಿ. ವಾಚು 95 ಅಂದಿದೆ, ಹೆಚ್ಚುಕಮ್ಮಿ ಎರಡರಷ್ಟು.

"ನಿಮ್ಮ ವೇಗದ" ಅಂದೆನಲ್ಲ, ಅಲ್ಲೇ ಎಲ್ಲ ಇರುವುದು. ನಮಸ್ಕಾರದ ಬಗ್ಗೆ ಓದಲು ಹೋದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಅಂಕಿಗಳು ಸಿಗುತ್ತವೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ಜನ ಭಾರತೀಯ ಮೂಲದ ಯುವಕ ಯುವತಿಯರು ನಮಸ್ಕಾರ ಮಾಡಿದರು. ಅವರ ಬಡಿತ ಗರಿಷ್ಠದ ನೂರಕ್ಕೆ 80ಕ್ಕೆ ಹೋಯಿತು, ಕೊನೆಯ ಸುತ್ತಿನಲ್ಲಿ 90ಕ್ಕೆ. ಅದು ಓಟದ ಮಟ್ಟ. ಅದಕ್ಕೂ ನಾಲ್ಕು ವರ್ಷ ಮೊದಲು, 2007ರಲ್ಲಿ, ಅಮೆರಿಕದಲ್ಲಿ 20 ಜನ ಪಳಗಿದ ಯೋಗಾಭ್ಯಾಸಿಗಳನ್ನು ಒಂದು ಕೊಠಡಿಯೊಳಗೆ ಕೂಡಿ, ಉಸಿರಾಟವನ್ನು ಪೂರ್ತಿ ಅಳೆದರು. 56 ನಿಮಿಷದ, ಹೊಸಬರ ಮಟ್ಟದ ಹಠಯೋಗ. ಸರಾಸರಿ ಬಡಿತ ಬಂದದ್ದು 93. ಖರ್ಚು ಎರಡೂವರೆ ಮೆಟ್, ಗಂಟೆಗೆ 3.2 ಕಿ.ಮೀ. ವೇಗದಲ್ಲಿ ನಡೆದಷ್ಟೇ. ಸಂತೆಯಲ್ಲಿ ತರಕಾರಿ ನೋಡಿಕೊಂಡು ಹೋಗುವ ವೇಗ ಅದು.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಅಳೆದದ್ದು ಬರೀ ನಮಸ್ಕಾರ, ಮೇಲಿಂದ ಮೇಲೆ. ಇನ್ನೊಬ್ಬರು ಅಳೆದದ್ದು ಪೂರ್ತಿ ತರಗತಿ: ಮೈ ಸಡಿಲಿಸುವುದು, ನಮಸ್ಕಾರ, ನಿಂತು ಮಾಡುವ ಆಸನಗಳು, ಕೊನೆಗೆ ಶವಾಸನ. ನಮಸ್ಕಾರದ ಭಾಗ ಮಾತ್ರ ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆದರೆ ವ್ಯಾಯಾಮದ ಅಭ್ಯಾಸ ಇಲ್ಲದವರಿಗೆ ಹೃದಯದ ಲಾಭ ಕೊಡಬಹುದು ಅಂತ 2007ರವರೂ ಬರೆದಿದ್ದಾರೆ. ಮೇಲಾಗಿ ಪಳಗಿದವರ ಮೈಗೆ ಅದೇ ಆಸನ ಸಲೀಸು, ಬಡಿತ ಕಡಿಮೆ.

ನೀವು ಮೈಸೂರಿನವರಾದ್ದರಿಂದ ಇದೊಂದು ಮಾತು. ಈ ಹರಿಯುವ ಯೋಗ ಜಗತ್ತಿಗೆ ಹೋದದ್ದು ನಿಮ್ಮ ಊರಿನಿಂದ. 1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಹುಡುಗರಿಗೆ ಕಲಿಸುತ್ತಿದ್ದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ನಮಸ್ಕಾರ ಎರಡು ಬಗೆ. ಮೊದಲನೆಯದಕ್ಕೆ 9 ವಿನ್ಯಾಸ, ಎರಡನೆಯದಕ್ಕೆ 17. ಎರಡನೆಯದರಲ್ಲಿ ಉತ್ಕಟಾಸನ, ವೀರಭದ್ರಾಸನ ಬರುತ್ತವೆ. ತೊಡೆಗೆ ಕೆಲಸ ಜಾಸ್ತಿ ಆಗುವುದರಿಂದ ಬಡಿತದ ಜೊತೆ ನಿಜವಾದ ಖರ್ಚೂ ಏರುತ್ತದೆ. ಆದರೆ ಎರಡರಲ್ಲೂ ಅಧೋಮುಖ ಶ್ವಾನಾಸನದಲ್ಲಿ ಐದು ಉಸಿರು ನಿಲ್ಲುತ್ತಾರೆ, ಅಲ್ಲಿ ಹೃದಯ ಸುಧಾರಿಸಿಕೊಳ್ಳುತ್ತದೆ. ನೀವು ಮಾಡುವ 12 ಹಂತದ ನಮಸ್ಕಾರದಲ್ಲಿ ಆ ನಿಲ್ದಾಣ ಇಲ್ಲ. ಹಾಗಾಗಿ "ನಮಸ್ಕಾರ ಮಾಡ್ತೀನಿ" ಅಂತ ಯಾರಾದರೂ ಅಂದರೆ ಯಾವುದು, ಒಂದಕ್ಕೆ ಎಷ್ಟು ಸೆಕೆಂಡು ಅಂತ ನಾನು ಮೊದಲು ಕೇಳುತ್ತೇನೆ. ಒಂದು ನಮಸ್ಕಾರ 40 ಸೆಕೆಂಡಿಗೆ ಮುಗಿದರೆ ಅದೊಂದು ವ್ಯಾಯಾಮ, ಮೂರು ನಿಮಿಷಕ್ಕೆ ಮುಗಿದರೆ ಇನ್ನೊಂದೇ. ಬಲಗಾಲು ಎಡಗಾಲು ಸೇರಿಸಿ ಒಂದು ಅಂತ ಎಣಿಸುವವರೂ ಇದ್ದಾರೆ. ಅವರ 12 ನಿಮ್ಮ 24.

ವಾಚಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರ ಹಿಂದಿನ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಮಿಡಿತ ನೋಡುತ್ತದೆ. ದಂಡಾಸನದಲ್ಲಿ, ಭುಜಂಗಾಸನದಲ್ಲಿ ಮಣಿಕಟ್ಟು ಹಿಂದಕ್ಕೆ ಮಡಿಯುತ್ತದೆ, ಮೈಭಾರ ಅದರ ಮೇಲೆ ಬೀಳುತ್ತದೆ. ವಾಚು ಎದ್ದು ನಿಲ್ಲುತ್ತದೆ ಇಲ್ಲವೇ ಚರ್ಮವನ್ನು ಒತ್ತುತ್ತದೆ. ಆಗ ಅಂಕಿ ತಟ್ಟನೆ 85ಕ್ಕೆ ಬೀಳಬಹುದು, 160ಕ್ಕೆ ಹಾರಲೂಬಹುದು. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿಯಾಗಿ ಕಟ್ಟಿದರೆ ಸುಮಾರಿಗೆ ಸರಿಹೋಗುತ್ತದೆ. ಎದೆಗೆ ಕಟ್ಟುವ ಪಟ್ಟಿ ಇನ್ನೂ ನಿಖರ. ಆದರೆ ಅಷ್ಟಾಂಗ ನಮಸ್ಕಾರದಲ್ಲಿ ಎದೆ ನೆಲಕ್ಕೆ ತಾಗುವಾಗ ಅದು ಒತ್ತುತ್ತದೆ. ನನ್ನದಂತೂ ಪ್ರತಿ ಸಲ ಜಾರಿ ಹೊಟ್ಟೆಗೆ ಬರುತ್ತಿತ್ತು.

ನಡಿಗೆಯಲ್ಲಿ ಬೇರೆ ಥರದ ತಪ್ಪು. ಬಿರುಸು ನಡಿಗೆಯಲ್ಲಿ ನಿಮಿಷಕ್ಕೆ 110ರಿಂದ 120 ಹೆಜ್ಜೆ ಬೀಳುತ್ತದೆ. ಕೈ ಬೀಸುವ ಲಯವನ್ನೇ ವಾಚು ಕೆಲವೊಮ್ಮೆ ಎದೆಬಡಿತ ಅಂದುಕೊಂಡು ಬಿಡುತ್ತದೆ. ನಿಮ್ಮ 114 ನೋಡಿದ ತಕ್ಷಣ ನನಗೆ ಬಂದ ಮೊದಲ ಅನುಮಾನ ಇದೇ. ಪರೀಕ್ಷೆ ಸುಲಭ. ನಡೆಯುವಾಗ ಒಂದು ನಿಮಿಷ ಹೆಜ್ಜೆ ಎಣಿಸಿ. ಅದೂ 114ರ ಹತ್ತಿರ ಬಂದರೆ ಅನುಮಾನಪಡಿ. ಆಮೇಲೆ ನಿಂತ ತಕ್ಷಣ ಕತ್ತಿನ ಪಕ್ಕ, ಗಂಟಲ ಗಂಟಿನಿಂದ ಸ್ವಲ್ಪ ಬದಿಗೆ, ಎರಡು ಬೆರಳು ಹಗುರವಾಗಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಒಂದೇ ಕಡೆ ಒತ್ತಿ, ಜೋರಾಗಿ ಒತ್ತಬೇಡಿ. ನಿಂತು ಅರ್ಧ ನಿಮಿಷ ಕಳೆದರೆ ಬಡಿತ ಇಳಿದಿರುತ್ತದೆ, ಹಾಗಾಗಿ ತಡ ಮಾಡಬಾರದು. ನಮಸ್ಕಾರದ ಆರನೆಯದು ಮುಗಿದಾಗ ಒಂದು ಸಲ, ಹನ್ನೆರಡನೆಯದು ಮುಗಿದಾಗ ಒಂದು ಸಲ ಹೀಗೇ ಎಣಿಸಿ.

ನಿಮ್ಮ ಬಿ.ಪಿ. ಮಾತ್ರೆ ಯಾವುದು ಅಂತ ಬರೆದಿಲ್ಲ. ಹೆಸರು ನೋಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ಅಂತ "ಲಾಲ್"ನಲ್ಲಿ ಮುಗಿಯುವ ಜಾತಿಯದಾದರೆ ಅದು ಎದೆಬಡಿತವನ್ನೇ ತಗ್ಗಿಸುತ್ತದೆ. ಆಗ ಮೇಲಿನ 111–131ರ ಪಟ್ಟಿ ನಿಮಗೆ ಲಾಗೂ ಆಗುವುದಿಲ್ಲ, ಆ ಅಂಕಿ ಮುಟ್ಟಲೇಬೇಕು ಅಂತ ಹಟ ಹಿಡಿಯಲೂಬಾರದು. ಟೆಲ್ಮಿಸಾರ್ಟಾನ್, ಅಮ್ಲೋಡಿಪಿನ್ ಥರದ್ದಾದರೆ ಆ ತೊಂದರೆ ಇಲ್ಲ. ಮಾತ್ರೆ ಯಾವುದೇ ಇರಲಿ, ನಂಬಬಹುದಾದ ಅಳತೆ ಮಾತು. ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡು ಹೇಳಲು ಆಗಬಾರದು. ಅದು ಮಧ್ಯಮ ಮಟ್ಟ. ವಾಕ್ಯದ ನಡುವೆ ಉಸಿರು ಎಳೆದುಕೊಳ್ಳಬೇಕಾದರೆ ಅದನ್ನು ದಾಟಿದ್ದೀರಿ.

ಬಿ.ಪಿ. ಇರುವವರು ಎರಡು ಕಡೆ ಎಚ್ಚರ ಇಡಬೇಕು. ದಂಡಾಸನ, ಅಷ್ಟಾಂಗ ನಮಸ್ಕಾರದಲ್ಲಿ ಉಸಿರು ಕಟ್ಟಬೇಡಿ. ಬಿಗಿತದ ಜೊತೆ ಉಸಿರು ಕಟ್ಟಿದರೆ ಆ ಕ್ಷಣಕ್ಕೆ ಬಿ.ಪಿ. ಚಿಮ್ಮುತ್ತದೆ. ಮೆಲ್ಲಗೆ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಹೋಗುತ್ತಿರುತ್ತದೆ. ಪಾದಹಸ್ತಾಸನದಿಂದ ಏಳುವಾಗ ಕಣ್ಣು ಕತ್ತಲೆ ಬಂದರೆ ಮಂಡಿ ಸ್ವಲ್ಪ ಮಡಿಸಿ ನಿಧಾನವಾಗಿ ಏಳಿ. ದಿನಾ ಹಾಗಾಗುತ್ತಿದ್ದರೆ ಮಾತ್ರೆಯ ಪ್ರಮಾಣದ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಕಣ್ಣಿನ ಒತ್ತಡದ ತೊಂದರೆ, ಅಂದರೆ ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗಾಗುವ ಭಂಗಿಗಳು ಒಳ್ಳೆಯದಲ್ಲ. ಇನ್ನು ನಡಿಗೆಯಲ್ಲಾಗಲಿ ನಮಸ್ಕಾರದಲ್ಲಾಗಲಿ ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ವಾಕಿಂಗ್ ಬಿಡಬಹುದಾ? ಈಗಿನ ಲೆಕ್ಕಕ್ಕೆ ಬೇಡ. ನಿಮಗೆ ಕೊರತೆ ಇರುವುದು ಬಡಿತದಲ್ಲಲ್ಲ, ಹೊತ್ತಿನಲ್ಲಿ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನಿಮ್ಮ ನಡಿಗೆ 200 ನಿಮಿಷ. ನಮಸ್ಕಾರ ವಾರಕ್ಕೆ ಆರು ದಿನ ಮಾಡಿದರೂ 72. ಅದರಲ್ಲೂ ಮೊದಲ ಎರಡು ಮೂರು ನಿಮಿಷ ಬಡಿತ ಏರುವುದಕ್ಕೇ ಹೋಗುತ್ತದೆ. ನಿಜವಾದ ಕೆಲಸ ಉಳಿದ ಒಂಬತ್ತು ನಿಮಿಷದಲ್ಲಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ವಾರಕ್ಕೆ ಎರಡರಂತೆ ನಮಸ್ಕಾರ ಏರಿಸುತ್ತಾ ಹೋಗಿ. ಆರು ವಾರಕ್ಕೆ 24 ಆಗುತ್ತದೆ. ಒಂದಕ್ಕೆ 50 ಸೆಕೆಂಡು ಇಟ್ಟುಕೊಂಡರೆ 20 ನಿಮಿಷ. ನಡುವೆ ನಿಂತು ನೀರು ಕುಡಿಯುವುದು, ಫೋನ್ ನೋಡುವುದು ಬೇಡ. ರಥಸಪ್ತಮಿ ದಿನ ನೂರೆಂಟು ಹಾಕಿ ಮಾರನೇ ದಿನ ಮಣಿಕಟ್ಟು ಹಿಡಿದು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ, ಆ ಅವಸರ ಬೇಡ. ಮಣಿಕಟ್ಟು ನೋಯಲು ಶುರುವಾದರೆ ಸಂಖ್ಯೆ ಅಲ್ಲಿಗೇ ನಿಲ್ಲಿಸಿ. ಬೇಕಾದರೆ ಅಂಗೈ ಬದಲು ಮುಷ್ಟಿ ಊರಿ. 24 ಸಲೀಸಾದ ಮೇಲೆ ಆರು ದಿನಕ್ಕೆ 120 ನಿಮಿಷ ಸಿಗುತ್ತದೆ. ಅದರ ಜೊತೆ ಮಳೆ ಬಿಟ್ಟ ಒಂದೆರಡು ದಿನ ಕೆರೆ ಸುತ್ತಿ. ಐದು ದಿನದ ವಾಕಿಂಗ್ ಎರಡು ದಿನಕ್ಕೆ ಇಳಿದರೂ ಹೊತ್ತಿನ ಲೆಕ್ಕ ತುಂಬಿರುತ್ತದೆ. ಭುಜ, ತೋಳು, ಬೆನ್ನಿಗೆ ನಡಿಗೆ ಕೊಡದ ಕಸುವು ನಮಸ್ಕಾರದಿಂದ ಬರುತ್ತದೆ, ಅದು ಬೇರೆಯೇ ಲಾಭ. ತೂಕ ಇಳಿಸುವುದೇ ಉದ್ದೇಶವಾದರೆ ಮಾತ್ರ ನಡಿಗೆಯನ್ನು ಇಷ್ಟು ಕಡಿಮೆ ಮಾಡಬೇಡಿ. ಮೇಲಿನ 50 ಮತ್ತು 175ರ ಲೆಕ್ಕ ನೆನಪಿರಲಿ.

ಈ ಬದಲಾವಣೆ ನಿಮ್ಮ ಹೃದಯಕ್ಕೆ ಸಾಲುತ್ತಿದೆಯೋ ಇಲ್ಲವೋ ಅಂತ ತಿಳಿಯಲು ನಡಿಗೆಯನ್ನೇ ತಕ್ಕಡಿ ಮಾಡಿಕೊಳ್ಳಿ. ಇವತ್ತೇ ಒಂದು ಸಲ, ಬೆಳಿಗ್ಗೆ, ಕಾಫಿಗೆ ಮೊದಲು, ಕೆರೆ ಏರಿಯ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ 15 ನಿಮಿಷದಷ್ಟು ದೂರ ನಡೀರಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ನಿಂತ ತಕ್ಷಣ ಕತ್ತಿನ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ, ಎರಡನ್ನೂ ಬರೆದಿಡಿ. ನಮಸ್ಕಾರ 24ಕ್ಕೆ ಏರಿ ಒಂದೆರಡು ತಿಂಗಳಾದ ಮೇಲೆ ಅದೇ ದಾರಿ, ಅದೇ ಹೊತ್ತು, ಅದೇ ವೇಗ. ನಾಡಿ ಮೊದಲಿನಷ್ಟೇ ಇದ್ದರೆ, ಇಲ್ಲವೇ ನಾಲ್ಕೈದು ಇಳಿದಿದ್ದರೆ ನಮಸ್ಕಾರ ನಿಮಗೆ ಸಾಲುತ್ತಿದೆ. ಅದೇ ವೇಗಕ್ಕೆ ಹತ್ತು ಏರಿದ್ದರೆ, ಒಂದು ನಿಮಿಷದ ನಂತರದ ಅಂಕಿಯೂ ಮೊದಲಿಗಿಂತ ಮೇಲೇ ಉಳಿದಿದ್ದರೆ, ಇನ್ನೊಂದೆರಡು ದಿನ ಹೊರಗೆ ನಡೆಯಬೇಕಾಗುತ್ತದೆ. ನಾಯಿಗಳಿಗೆ ಒಂದು ಕೋಲು ಹಿಡಿದುಕೊಳ್ಳಿ.